ಮಾವ ಮಾಡಿಸಿದ ಪಾಲಿಸಿ ಮತ್ತು ಮೂವತ್ತು ದಿನಗಳ ಗಡುವು

ಚಿಕ್ಕಮಗಳೂರಿನಲ್ಲಿ ಜನವರಿ ಎಂದರೆ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಉಸಿರಾಡಲು ಬಿಡುವಿಲ್ಲದ ಕಾಲ. ತೋಟಗಳಿಂದ ಮೂಟೆಗಳು ಬರುತ್ತಲೇ ಇರುತ್ತವೆ, ತೂಕದ ಚೀಟಿಗಳು ಗುಡ್ಡೆ ಬೀಳುತ್ತವೆ. ಅಂಥ ಒಂದು ಕ್ಯೂರಿಂಗ್ ವರ್ಕ್ಸ್‌ನ ಲೆಕ್ಕದ ವಿಭಾಗದಲ್ಲಿ ಕೆಲಸ ಮಾಡುವ ಇಪ್ಪತ್ತೇಳರ ಹುಡುಗನೊಬ್ಬ 2026ರ ಜನವರಿ 31, ಶನಿವಾರ, ಊಟದ ಬಿಡುವಿನಲ್ಲಿ ನನ್ನ ಕೋಣೆಗೆ ಬಂದ. ನಾನು ಸಂಬಳದಾರರ ಆದಾಯ ತೆರಿಗೆ ವಿವರ ಸಲ್ಲಿಸಿಕೊಡುವವನು. ಅವನ ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಹೊಸ ವಿಮಾ ಬಾಂಡ್. "ಸಾರ್, ಇದನ್ನು ತೆರಿಗೆಗೆ ಹಾಕಿಕೊಳ್ಳಿ" ಎಂದ.

ಹಾಕಿಕೊಳ್ಳಲು ಅವನಿಗೆ ತೆರಿಗೆಯೇ ಇರಲಿಲ್ಲ. ಸಂಬಳ ತಿಂಗಳಿಗೆ ₹34,000, ಪಿಎಫ್ ಕಳೆದು ಕೈಗೆ ಬರುವುದು ಸುಮಾರು ₹30,500. ಈಗಿನ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರನಿಗೆ ವರ್ಷಕ್ಕೆ ₹12.75 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ. ಆ ಪದ್ಧತಿಯಲ್ಲಿ ವಿಮಾ ಕಂತಿಗೆ ಸಿಗುವ 80ಸಿ ವಿನಾಯಿತಿ ಎಂಬುದೂ ಇಲ್ಲ. ವರ್ಷಕ್ಕೆ ₹42,000 ಕಂತು ಕಟ್ಟುವ ಪಾಲಿಸಿಯನ್ನು ಅವನು ಒಪ್ಪಿಕೊಂಡಿದ್ದಕ್ಕೆ ಅರ್ಧ ಕಾರಣ ಈ ತೆರಿಗೆ ಉಳಿತಾಯ. ಉಳಿದರ್ಧ ಕಾರಣ, ಪಾಲಿಸಿ ಮಾಡಿಸಿದವರು ಅಮ್ಮನ ತಮ್ಮ. ಆಲ್ದೂರಿನ ಮನೆಗೆ ಬಂದು, ಊಟ ಮಾಡಿ, ಜಗಲಿಯ ಮೇಲೆ ಕುಳಿತು ಫಾರಂ ತುಂಬಿದ ಸೋದರಮಾವನಿಗೆ ಯಾರು ತಾನೇ ಬೇಡವೆನ್ನುತ್ತಾರೆ?

ಈ ಪ್ರಕರಣವನ್ನು ಹುಡುಗನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಹೆಸರುಗಳನ್ನು ಬಿಟ್ಟು, ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಬಾಂಡಿನಲ್ಲಿ ಇದ್ದದ್ದು

ಅದು ಲಾಭ ಸಹಿತ ಎಂಡೋಮೆಂಟ್ ಪಾಲಿಸಿ. ಅವಧಿ 25 ವರ್ಷ, ವಿಮಾ ಮೊತ್ತ ₹10 ಲಕ್ಷ. ನಡುವೆ ತೀರಿಕೊಂಡರೆ ಮನೆಯವರಿಗೆ ₹10 ಲಕ್ಷ ಮತ್ತು ಅಲ್ಲಿಯವರೆಗೆ ಸೇರಿದ ಬೋನಸ್. ಬದುಕಿದ್ದರೆ ಐವತ್ತೆರಡನೆಯ ವಯಸ್ಸಿನಲ್ಲಿ ಅವನಿಗೇ ಅದೇ ₹10 ಲಕ್ಷ ಮತ್ತು 25 ವರ್ಷಗಳ ಬೋನಸ್.

ಮಾವ ಒಂದು ಹಾಳೆಯಲ್ಲಿ ನೀಲಿ ಶಾಯಿಯಿಂದ ಲೆಕ್ಕ ಬರೆದುಕೊಟ್ಟಿದ್ದರು. ಸಾವಿರಕ್ಕೆ ₹45ರಂತೆ ವರ್ಷಕ್ಕೆ ₹45,000 ಬೋನಸ್, 25 ವರ್ಷಕ್ಕೆ ₹11.25 ಲಕ್ಷ. ಕೊನೆಯಲ್ಲಿ ಒಂದು ಹೆಚ್ಚುವರಿ ಬೋನಸ್ ₹2.5 ಲಕ್ಷ. ಒಟ್ಟು ₹23.75 ಲಕ್ಷ. ಕಟ್ಟುವುದು ₹10.5 ಲಕ್ಷ. ಕೆಳಗೆ ಎರಡು ಗೆರೆ ಎಳೆದು "ಎರಡೂಕಾಲು ಪಟ್ಟು" ಎಂದು ಬರೆದಿದ್ದರು.

ಕೂಡುವುದರಲ್ಲಿ ತಪ್ಪಿಲ್ಲ. ಆದರೆ ಈ ಬೋನಸ್ ಬ್ಯಾಂಕಿನ ಬಡ್ಡಿಯ ಹಾಗೆ ಬಡ್ಡಿಯ ಮೇಲೆ ಬಡ್ಡಿಯಾಗಿ ಬೆಳೆಯುವುದಿಲ್ಲ. ಪ್ರತಿ ವರ್ಷವೂ ಮೂಲ ₹10 ಲಕ್ಷದ ಮೇಲೆ ಮಾತ್ರ ಲೆಕ್ಕ ಹಾಕಿ, ಪಕ್ಕಕ್ಕಿಟ್ಟು, ಕೊನೆಗೆ ಕೊಡುತ್ತಾರೆ. ಮೂರನೆಯ ವರ್ಷ ಘೋಷಿಸಿದ ₹45,000 ಇಪ್ಪತ್ತೈದನೆಯ ವರ್ಷದಲ್ಲೂ ₹45,000 ಆಗಿಯೇ ಇರುತ್ತದೆ. ಹಾಗಾಗಿ ಎಷ್ಟು ಪಟ್ಟು ಎಂದು ನೋಡದೆ, ವರ್ಷಕ್ಕೆ ಶೇಕಡ ಎಷ್ಟು ಬಿತ್ತು ಎಂದು ನೋಡಬೇಕು. ಎಕ್ಸೆಲ್ ಇರುವ ಯಾರೂ ಒಂದು ಸಾಲಿನಲ್ಲಿ ಇದನ್ನು ಕಂಡುಕೊಳ್ಳಬಹುದು:

```
=RATE(25,-42000,0,2375000,1)
```

ಕೊನೆಯ 1 ಎಂದರೆ ಕಂತನ್ನು ವರ್ಷದ ಆರಂಭದಲ್ಲಿ ಕಟ್ಟುತ್ತೇವೆ ಎಂದು. ಉತ್ತರ ಶೇಕಡ 5.8. ಹೆಚ್ಚುವರಿ ಬೋನಸ್ ಬರದೇ ಹೋದರೆ, ಅಂದರೆ ₹21.25 ಲಕ್ಷ ಮಾತ್ರ ಸಿಕ್ಕರೆ, ಶೇಕಡ 5.1. ಕ್ಯೂರಿಂಗ್‌ನಲ್ಲಿ ದಿನವಿಡೀ ಎಕ್ಸೆಲ್ ಮುಂದೆಯೇ ಕೂರುವ ಹುಡುಗ ಇದನ್ನು ತಾನೇ ಬೆರಳಚ್ಚಿಸಿ ನೋಡಿ ಸ್ವಲ್ಪ ಹೊತ್ತು ಸುಮ್ಮನಾದ.

ಬಾಂಡಿನ ಜೊತೆಗೆ ಕಂಪನಿಯೇ ಕೊಟ್ಟ ಲಾಭದ ಅಂದಾಜು ಪಟ್ಟಿಯೂ ಇತ್ತು. ಇಂಥ ಪಾಲಿಸಿಗಳಲ್ಲಿ ಅದು ಕಡ್ಡಾಯ. ಅದರಲ್ಲಿ ಎರಡು ಕಾಲಂ: ಒಂದು ಶೇಕಡ 4, ಇನ್ನೊಂದು ಶೇಕಡ 8. ಬಹಳ ಜನ ಇದನ್ನು "ಕಡಿಮೆಯೆಂದರೆ ನಾಲ್ಕು, ಹೆಚ್ಚೆಂದರೆ ಎಂಟು ನಮಗೆ ಸಿಗುತ್ತದೆ" ಎಂದು ಓದಿಕೊಳ್ಳುತ್ತಾರೆ. ಹಾಗಲ್ಲ. ಕಂಪನಿಯ ನಿಧಿಯೇ ಅಷ್ಟು ಗಳಿಸಿದರೆ, ಅದರಲ್ಲಿ ಖರ್ಚು, ಕಮಿಷನ್, ಸಾವಿನ ಪರಿಹಾರ ಎಲ್ಲ ಕಳೆದು ನಮ್ಮ ಪಾಲಿಗೆ ಎಷ್ಟು ಉಳಿಯಬಹುದು ಎಂಬ ಅಂದಾಜು ಅದು. ಹುಡುಗನ ಪಟ್ಟಿಯಲ್ಲಿ ಶೇಕಡ 4ರ ಕಾಲಂ ಕೊನೆಗೆ ತೋರಿಸುತ್ತಿದ್ದದ್ದು ₹12 ಲಕ್ಷದ ಆಸುಪಾಸು. ಮಾವನ ನೀಲಿ ಶಾಯಿಯ ಹಾಳೆಯಲ್ಲಿ ಆ ಕಾಲಂ ಇರಲಿಲ್ಲ.

ಮನೆಗೆ ಬೇಕಾದದ್ದು ಎಷ್ಟು

ಇಷ್ಟಕ್ಕೇ ನಿಲ್ಲಿಸಿ "ಎಂಡೋಮೆಂಟ್ ಕೆಟ್ಟದ್ದು" ಎಂದು ತೀರ್ಪು ಕೊಡುವವರನ್ನು ನಾನು ಬಹಳ ನೋಡಿದ್ದೇನೆ. ಶೇಕಡ ಐದೋ ಆರೋ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದು, ಈ ಹುಡುಗ ನಾಳೆ ಇಲ್ಲದೇ ಹೋದರೆ ಆಲ್ದೂರಿನ ಮನೆ ಏನಾಗುತ್ತದೆ ಎಂಬುದು. ಇದನ್ನು ಕೇಳಲು ನನಗೂ ನಾಲಿಗೆ ಏಳುವುದಿಲ್ಲ. ಆದರೂ ಕೇಳಿದೆ.

ಅವನು ತಿಂಗಳಿಗೆ ₹14,000 ಮನೆಗೆ ಕೊಡುತ್ತಾನೆ. ಅಪ್ಪನಿಗೆ ಎರಡೂವರೆ ಎಕರೆ ಕಾಫಿ, ನಡುವೆ ಒಂದಿಷ್ಟು ಮೆಣಸು; ಐವತ್ತೆರಡಕ್ಕೇ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಈಗ ತೋಟದಲ್ಲಿ ಹೆಚ್ಚು ಓಡಾಡುವುದಿಲ್ಲ. ಅಮ್ಮನಿಗೆ 51. ಮನೆ ಕಟ್ಟಿಸಿದ ಸಾಲದಲ್ಲಿ ₹9 ಲಕ್ಷ ಬಾಕಿ ಇದೆ, ಅದಕ್ಕೆ ಅಪ್ಪನ ಜೊತೆ ಇವನ ಸಹಿಯೂ ಇದೆ. ತಂಗಿ ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಇನ್ನೆರಡು ವರ್ಷಕ್ಕೆ ಹಾಸ್ಟೆಲ್ ಸೇರಿ ₹3 ಲಕ್ಷ ಬೇಕು.

ಮನೆಖರ್ಚಿನ ಪಾಲು ವರ್ಷಕ್ಕೆ ₹1.68 ಲಕ್ಷ. ಅದನ್ನು ನಾನು ಇಪ್ಪತ್ತರಿಂದ ಗುಣಿಸುತ್ತೇನೆ. ಕೈಗೆ ಬಂದ ದೊಡ್ಡ ಮೊತ್ತವನ್ನು ಠೇವಣಿಯಲ್ಲಿಟ್ಟರೆ ಬಡ್ಡಿಯು ಬೆಲೆ ಏರಿಕೆಗಿಂತ ಒಂದೆರಡು ಹೆಜ್ಜೆ ಮುಂದಿರುತ್ತದೆ ಎಂದಿಟ್ಟುಕೊಂಡರೆ, ಇಪ್ಪತ್ತು ಪಟ್ಟು ಹಣ ಇಪ್ಪತ್ತನಾಲ್ಕು ಇಪ್ಪತ್ತೈದು ವರ್ಷ ಎಳೆಯುತ್ತದೆ. ಹಾಗಾಗಿ ₹33.6 ಲಕ್ಷ, ಸಾಲದ ಒಂಬತ್ತು, ತಂಗಿಯ ಮೂರು: ಒಟ್ಟು ₹45.6 ಲಕ್ಷ.

ಇದರಲ್ಲಿ ಅವನಿಗೆ ಗೊತ್ತಿಲ್ಲದೆಯೇ ಇದ್ದ ಎರಡು ರಕ್ಷಣೆಗಳನ್ನು ಕಳೆಯಬೇಕು. ಪಿಎಫ್ ಇರುವವರಿಗೆ ಇಡಿಎಲ್‌ಐ ಎಂಬ ವಿಮೆ ತಾನಾಗಿಯೇ ಇರುತ್ತದೆ. ಕೆಲಸದಲ್ಲಿರುವಾಗ ತೀರಿಕೊಂಡರೆ ಮನೆಯವರಿಗೆ ಗರಿಷ್ಠ ₹7 ಲಕ್ಷ. ಇವನ ಪಿಎಫ್ ಖಾತೆಯ ಲೆಕ್ಕದಲ್ಲಿ ಸುಮಾರು ₹6 ಲಕ್ಷ ಬರಬಹುದು. ಕೆಲಸ ಬಿಟ್ಟರೆ ಅದೂ ಹೋಯಿತು. ಎರಡನೆಯದು, ಪ್ರತಿ ಮೇ ತಿಂಗಳಲ್ಲಿ ಅವನ ಖಾತೆಯಿಂದ ₹436 ಕಡಿತವಾಗುತ್ತಿತ್ತು. "ಬ್ಯಾಂಕಿನವರ ಏನೋ ಚಾರ್ಜ್" ಎಂದುಕೊಂಡಿದ್ದ. ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆ, ₹2 ಲಕ್ಷದ ಜೀವವಿಮೆ. ಅಮ್ಮನಿಗಂತೂ ಎರಡರ ಹೆಸರೂ ಗೊತ್ತಿರಲಿಲ್ಲ.

ಹೇಗೆ ಕಳೆದರೂ ₹38 ಲಕ್ಷದ ಕೊರತೆ ಉಳಿಯಿತು. ಅದಕ್ಕೆ ಎದುರಾಗಿ ಬಾಂಡಿನಲ್ಲಿರುವುದು ₹10 ಲಕ್ಷ. ಸಾಲ ತೀರಿಸಿದರೆ ಉಳಿಯುವುದು ಏಳು ತಿಂಗಳ ಮನೆಖರ್ಚು.

ಎಂಡೋಮೆಂಟ್‌ನ ನಿಜವಾದ ತೊಡಕು ಇಲ್ಲಿದೆ. ಇದೇ ಪಾಲಿಸಿಯಲ್ಲಿ ₹40 ಲಕ್ಷದ ರಕ್ಷಣೆ ಬೇಕೆಂದರೆ ಕಂತು ವರ್ಷಕ್ಕೆ ₹1.68 ಲಕ್ಷವಾಗುತ್ತದೆ, ಅವನು ಮನೆಗೆ ಕೊಡುವಷ್ಟೇ ಹಣ. ಅಷ್ಟು ಕಟ್ಟಲು ಅವನ ಕೈಲಾಗದು. ಹಾಗಾಗಿ ಏಜೆಂಟರು ಕೈಲಾಗುವ ಕಂತಿನಿಂದ ಹಿಂದಕ್ಕೆ ಲೆಕ್ಕ ಹಾಕಿ ವಿಮಾ ಮೊತ್ತ ಇಳಿಸುತ್ತಾರೆ. "ತಿಂಗಳಿಗೆ ಮೂರೂವರೆ ಸಾವಿರ ಆಗುತ್ತದಲ್ಲ?" ಎಂದು ಮಾವ ಕೇಳಿದ್ದರು. ಮನೆಗೆ ಎಷ್ಟು ಬೇಕು ಎಂದು ಕೇಳಿರಲಿಲ್ಲ.

ಟರ್ಮ್ ದರ, ಮತ್ತು ಒಂದು ಎಸಳು ಹೊಗೆಸೊಪ್ಪು

ಟರ್ಮ್ ಪಾಲಿಸಿಯಲ್ಲಿ ಉಳಿತಾಯದ ಭಾಗವಿಲ್ಲ. ಅವಧಿಯೊಳಗೆ ತೀರಿಕೊಂಡರೆ ಪೂರ್ತಿ ಮೊತ್ತ, ಬದುಕಿದ್ದರೆ ಏನೂ ಇಲ್ಲ. ಅದಕ್ಕೇ ಅಗ್ಗ. ಹುಡುಗ ಮೊಬೈಲಿನಲ್ಲಿ ನೋಡಿದ ಜಾಹೀರಾತಿನಂತೆ ಒಂದು ಕೋಟಿ ಎಂದ. ಅವನ ಸಂಬಳಕ್ಕೆ ಒಂದು ಕೋಟಿ ಅಂಚಿನ ಮೊತ್ತ. ಈ ವಯಸ್ಸಿನವರಿಗೆ ಕಂಪನಿಗಳು ಸಾಮಾನ್ಯವಾಗಿ ವಾರ್ಷಿಕ ಆದಾಯದ ಇಪ್ಪತ್ತು ಇಪ್ಪತ್ತೈದು ಪಟ್ಟಿಗಿಂತ ಮೇಲೆ ಕೊಡುವುದಿಲ್ಲ, ಸಂಬಳದ ಚೀಟಿ ಕೇಳುತ್ತವೆ. ಇವತ್ತಿಗೆ ನಲವತ್ತು ಸಾಕು. ಆದರೆ ಎರಡು ಮೂರು ವರ್ಷದಲ್ಲಿ ಮದುವೆ, ಆಮೇಲೆ ಮಕ್ಕಳು. ಆಗ ಹೊಸದಾಗಿ ಕೊಳ್ಳಹೋದರೆ ವಯಸ್ಸೂ ಹೆಚ್ಚಾಗಿರುತ್ತದೆ, ಅಪ್ಪನ ಸಕ್ಕರೆ ಕಾಯಿಲೆ ಇವನಿಗೂ ಬಂದಿರಬಹುದು. ಕೊನೆಗೆ ₹75 ಲಕ್ಷ, ಅರವತ್ತು ವಯಸ್ಸಿನವರೆಗೆ ಎಂದು ಗೊತ್ತುಮಾಡಿಕೊಂಡೆವು. ಎಂಬತ್ತೈದರವರೆಗೆ ಎಂಬ ಆಯ್ಕೆಯೂ ಇರುತ್ತದೆ. ಸಂಬಳವೇ ಇಲ್ಲದ ವಯಸ್ಸಿನಲ್ಲಿ ಸಂಬಳಕ್ಕೆ ವಿಮೆ ಏಕೆ?

ಮೊದಲ ದರ ವರ್ಷಕ್ಕೆ ₹8,800 ಎಂದು ಬಂತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಗೆ ಜಿಎಸ್‌ಟಿ ಇಲ್ಲ. ಅದಕ್ಕೆ ಮುಂಚೆ ಟರ್ಮ್ ಕಂತಿನ ಮೇಲೆ ಶೇಕಡ 18 ಬೀಳುತ್ತಿತ್ತು.

ಫಾರಂನ ಪ್ರಶ್ನೆಗಳನ್ನು ಒಂದೊಂದಾಗಿ ಓದುತ್ತಾ ಹೋದೆ. ತಂಬಾಕನ್ನು ಯಾವುದೇ ರೂಪದಲ್ಲಿ ಸೇವಿಸುತ್ತೀರಾ? "ಇಲ್ಲ ಸಾರ್, ಸಿಗರೇಟು ಮುಟ್ಟಿಲ್ಲ" ಎಂದ. ಹಾಗೆ ಹೇಳುವಾಗ ಅವನ ಎಡಗೆನ್ನೆ ಉಬ್ಬಿಕೊಂಡಿತ್ತು. ಊಟ ಮುಗಿಸಿ ಬಂದಿದ್ದನಲ್ಲ. ಎಲೆ, ಅಡಿಕೆ, ಸುಣ್ಣ ಸರಿ. ಇನ್ನೇನಿದೆ ಎಂದು ಕೇಳಿದಾಗ ಜೇಬಿನಿಂದ ಮಡಚಿದ ಪ್ಲಾಸ್ಟಿಕ್ ಚೀಟಿಯೊಂದನ್ನು ತೆಗೆದ. ಒಳಗೆ ಕಂದು ಬಣ್ಣದ ಹೊಗೆಸೊಪ್ಪಿನ ನಾಲ್ಕೈದು ಎಸಳು. ನಮ್ಮ ಕಡೆ ಅದನ್ನು ಯಾರೂ ತಂಬಾಕು ಎಂದು ಎಣಿಸುವುದಿಲ್ಲ. ಎಲೆ ಅಡಿಕೆಯ ಜೊತೆ ಬರುವ ಸಾಮಾನು, ಅಷ್ಟೇ. ವಿಮಾ ಕಂಪನಿ ಎಣಿಸುತ್ತದೆ. ವೈದ್ಯಕೀಯ ಪರೀಕ್ಷೆಯಲ್ಲಿ ಮೂತ್ರದಲ್ಲಿ ಕೋಟಿನಿನ್ ಎಂಬ ಅಂಶ ಸಿಕ್ಕಿತೆಂದರೆ, ಹೊಗೆ ಬಿಟ್ಟದ್ದೋ ಜಗಿದದ್ದೋ ಅವರಿಗೆ ಎರಡೂ ಒಂದೇ.

ಆಮೇಲೆ ಎಂಡೋಮೆಂಟ್ ಬಾಂಡಿನ ಹಿಂದೆ ಲಗತ್ತಿಸಿದ್ದ ಪ್ರಪೋಸಲ್ ಫಾರಂ ಪ್ರತಿಯನ್ನು ತಿರುವಿ ನೋಡಿದೆವು. ತಂಬಾಕು: ಇಲ್ಲ. ತಂದೆ ತಾಯಿಗೆ ಅರವತ್ತರೊಳಗೆ ಹೃದಯದ ತೊಂದರೆ: ಇಲ್ಲ. ಮಾವ ಕೇಳದೆಯೇ ಗೀಟು ಹಾಕಿದ್ದರು. ಅಕ್ಕನ ಗಂಡನಿಗೆ ಸ್ಟೆಂಟ್ ಹಾಕಿಸಿದಾಗ ಆಸ್ಪತ್ರೆಯಲ್ಲಿ ರಾತ್ರಿ ಕಾದವರು ಅವರೇ. ಸಹಿ ಮಾತ್ರ ಹುಡುಗನದು, ಕಾನೂನಿನ ಕಣ್ಣಿಗೆ ಆ ಉತ್ತರಗಳೂ ಅವನವೇ.

1938ರ ವಿಮಾ ಕಾಯ್ದೆಯ 45ನೆಯ ಸೆಕ್ಷನ್ ಪ್ರಕಾರ, ಪಾಲಿಸಿ ಶುರುವಾಗಿ ಮೂರು ವರ್ಷ ದಾಟಿದ ಮೇಲೆ ಕಂಪನಿ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. ಇದನ್ನು ಕೇಳಿದವರು ಮೂರು ವರ್ಷ ಹೇಗೋ ತಳ್ಳಿದರೆ ಆಯಿತು ಎಂದುಕೊಳ್ಳುತ್ತಾರೆ. ಆದರೆ ಇಪ್ಪತ್ತೇಳರ ಹುಡುಗ ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಆಲ್ದೂರಿಗೆ ಹೋಗುವವನು. ಆ ಮೂರು ವರ್ಷದೊಳಗೆ ಏನಾದರೂ ಆದರೆ ಕಂಪನಿ ತನಿಖೆ ಮಾಡಿಯೇ ಮಾಡುತ್ತದೆ. ಆಗ ತಾಲ್ಲೂಕು ಆಸ್ಪತ್ರೆಯ ಒಂದು ಹಳೆಯ ಚೀಟಿಯಲ್ಲಿ "ತಂಬಾಕು ಜಗಿಯುವ ಅಭ್ಯಾಸ" ಎಂದಿದ್ದರೆ ಅಮ್ಮ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ನಿಜ ಬರೆದು ಮತ್ತೆ ದರ ಕೇಳಿದೆವು. ₹8,800 ಇದ್ದದ್ದು ₹13,500 ಆಯಿತು. ವರ್ಷಕ್ಕೆ ₹4,700 ಹೊಗೆಸೊಪ್ಪಿನ ಬೆಲೆ, ಅಂಗಡಿಯಲ್ಲಿ ಕೊಡುವುದು ಬೇರೆ.

ಎರಡನ್ನೂ ಎದುರು ಬದುರು ಇಟ್ಟಾಗ

ಟರ್ಮ್ ಕೊಂಡು ಉಳಿದದ್ದನ್ನು ಮ್ಯೂಚುವಲ್ ಫಂಡಿಗೆ ಹಾಕಿ, ಶೇಕಡ 12 ಬರುತ್ತದೆ, ಕೋಟ್ಯಧಿಪತಿಯಾಗುತ್ತೀರಿ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠವಾಗಿದೆ. ನಾನು ಹಾಗೆ ಹೋಲಿಸುವುದಿಲ್ಲ. ಎಂಡೋಮೆಂಟ್ ಹಣದ ಬಹುಭಾಗ ಸರ್ಕಾರಿ ಸಾಲಪತ್ರಗಳಂಥ ಕಡೆ ಇರುತ್ತದೆ. ಅದನ್ನು ಷೇರುಪೇಟೆಯ ಜೊತೆ ಓಟಕ್ಕೆ ಬಿಟ್ಟು ಗೆದ್ದೆವೆನ್ನುವುದು ಎತ್ತನ್ನು ಕುದುರೆಯ ಪಕ್ಕ ನಿಲ್ಲಿಸಿದ ಹಾಗೆ. ಹಾಗಾಗಿ ಪಿಪಿಎಫ್ ತೆಗೆದುಕೊಂಡೆ. 2020ರ ಏಪ್ರಿಲ್‌ನಿಂದ ಅದರ ಬಡ್ಡಿ ಶೇಕಡ 7.1, ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಇಳಿಸಲೂಬಹುದು. ಬೋನಸ್ಸೂ ಖಾತರಿಯಲ್ಲ, ಇದೂ ಅಲ್ಲ. ಆ ಮಟ್ಟಿಗೆ ಸಮ.

₹42,000ದಲ್ಲಿ ಟರ್ಮ್‌ಗೆ ₹13,500 ಹೋದರೆ ಉಳಿಯುವುದು ₹28,500. ಪ್ರತಿ ವರ್ಷದ ಆರಂಭದಲ್ಲಿ ಅಷ್ಟನ್ನು ಪಿಪಿಎಫ್‌ಗೆ ಹಾಕಿ, ಹದಿನೈದು ವರ್ಷದ ಮೇಲೆ ಐದೈದು ವರ್ಷದಂತೆ ಎರಡು ಸಲ ಮುಂದುವರಿಸಿದರೆ, 25 ವರ್ಷಕ್ಕೆ ಸುಮಾರು ₹19.6 ಲಕ್ಷ. ಎಂಡೋಮೆಂಟ್ ಕೊಡುವುದು ₹21.25 ಲಕ್ಷದಿಂದ ₹23.75 ಲಕ್ಷ.

ಹುಡುಗ ತಲೆಯೆತ್ತಿ ನೋಡಿದ. "ಹಾಗಾದರೆ ಮಾವ ಹೇಳಿದ್ದೇ ಸರಿ ಅಲ್ಲವೇ ಸಾರ್?"

ಬದುಕಿದ್ದರೆ ಸರಿ. ಅವನ ವಿಷಯದಲ್ಲಿ ಎಂಡೋಮೆಂಟ್ ಎರಡರಿಂದ ನಾಲ್ಕು ಲಕ್ಷ ಮುಂದಿದೆ, ಮುಖ್ಯವಾಗಿ ಆ ಪಾಲಿಸಿಯಲ್ಲಿ ತಂಬಾಕಿಗೆ ಬೇರೆ ದರವಿಲ್ಲದ್ದರಿಂದ. ಹೊಗೆಸೊಪ್ಪು ಮುಟ್ಟದವನಾಗಿದ್ದರೆ ಪಿಪಿಎಫ್ ಮೊತ್ತ ₹22.8 ಲಕ್ಷ ಆಗಿ ಎರಡೂ ಹೆಚ್ಚುಕಡಿಮೆ ಒಂದೇ ಆಗುತ್ತಿದ್ದವು. ಆದರೆ ಈ ನಾಲ್ಕು ಲಕ್ಷ 25 ವರ್ಷದಾಚೆಯದು. ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದರೆ ಅದರ ಇಂದಿನ ತೂಕ ಲಕ್ಷ ರೂಪಾಯಿಗೂ ಕಡಿಮೆ.

ಈಗ ಆರನೆಯ ವರ್ಷವನ್ನು ನೋಡೋಣ ಎಂದೆ. ಆ ವರ್ಷ ಅವನು ಇಲ್ಲವಾದರೆ ಎಂಡೋಮೆಂಟ್‌ನಿಂದ ಮನೆಗೆ ಬರುವುದು ಹತ್ತು ಲಕ್ಷ ಮತ್ತು ಬೋನಸ್, ಸುಮಾರು ₹12.5 ಲಕ್ಷ. ಟರ್ಮ್ ದಾರಿಯಲ್ಲಿ ₹75 ಲಕ್ಷ, ಜೊತೆಗೆ ಪಿಪಿಎಫ್‌ನಲ್ಲಿ ಸೇರಿದ ₹2 ಲಕ್ಷ ಚಿಲ್ಲರೆ. ಹನ್ನೆರಡೂವರೆ ಒಂದು ಕಡೆ, ಎಪ್ಪತ್ತೇಳು ಇನ್ನೊಂದು ಕಡೆ. ಬದುಕಿದ್ದಾಗ ಕಳೆದುಕೊಳ್ಳುವ ಆ ಎರಡರಿಂದ ನಾಲ್ಕು ಲಕ್ಷವೇ ಈ ವ್ಯತ್ಯಾಸಕ್ಕೆ ಅವನು ಕೊಡುವ ಬೆಲೆ. ಅದು ದುಬಾರಿಯೋ ಅಲ್ಲವೋ ಎಂದು ಅವನೇ ಹೇಳಬೇಕಿತ್ತು. ಕ್ಯಾಲ್ಕುಲೇಟರನ್ನು ತನ್ನ ಕಡೆಗೆ ಎಳೆದುಕೊಂಡು ಸಾಲದ ಒಂಬತ್ತು ಲಕ್ಷವನ್ನು ಹನ್ನೆರಡೂವರೆಯಿಂದ ಕಳೆದ. ಮತ್ತೆ ಮಾತಾಡಲಿಲ್ಲ.

ಮಾವನ ಮಾತು

ಸೋಮವಾರ ಮಾವ ತಾವೇ ಬಂದರು. ಸಿಟ್ಟಾಗಿರಲಿಲ್ಲ, ನೊಂದಿದ್ದರು. "ಸಾರ್, ಟರ್ಮ್ ಮಾಡಿಸಿ ಅರವತ್ತಕ್ಕೆ ಬದುಕಿದ್ದರೆ ಇವನಿಗೆ ಏನು ಬಂತು? ನಮ್ಮ ಭಾವನ ಅಣ್ಣ ಮೇಷ್ಟರಾಗಿದ್ದವರು. ನಿವೃತ್ತಿಯಾದಾಗ ಕೆಜಿಐಡಿ ಹಣ ಬಂತು, ಹೆಂಚು ತೆಗೆಸಿ ಆರ್‌ಸಿಸಿ ಹಾಕಿಸಿದರು. ವಿಮೆ ಎಂದರೆ ಅದು."

ಇದನ್ನು ತಳ್ಳಿಹಾಕುವಂತಿಲ್ಲ. ರಾಜ್ಯ ಸರ್ಕಾರಿ ನೌಕರರಿಗೆ ಕೆಜಿಐಡಿ ಕಡ್ಡಾಯ, ಸಂಬಳದಲ್ಲೇ ಕಡಿತವಾಗುತ್ತದೆ, ಕೊನೆಗೆ ಬೋನಸ್ ಸಮೇತ ಬರುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳು ವಿಮೆಯನ್ನು ಮೊದಲು ಕಂಡದ್ದು ಹೀಗೆ. ಆದರೆ ಆ ಮೇಷ್ಟರಿಗೆ ಪಿಂಚಣಿ ಇತ್ತು. ಅವರು ತೀರಿಕೊಂಡಿದ್ದರೆ ಹೆಂಡತಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ದೊಡ್ಡ ರಕ್ಷಣೆ ಬೇರೆಲ್ಲೋ ಇದ್ದದ್ದರಿಂದ ಸಣ್ಣ ವಿಮೆ ಸಾಕಾಗಿತ್ತು. ಕ್ಯೂರಿಂಗ್‌ನ ಗುಮಾಸ್ತನಿಗೆ ಅಂಥ ಪಿಂಚಣಿಯಿಲ್ಲ. ಪಿಎಫ್ ಜೊತೆ ಬರುವ ಪಿಂಚಣಿ ಯೋಜನೆಯ ಮೊತ್ತದಲ್ಲಿ ಗ್ಯಾಸ್ ಸಿಲಿಂಡರಿನ ಖರ್ಚು ಕಳೆಯಬಹುದು, ಸಂಸಾರವನ್ನಲ್ಲ.

ಮಾವನ ಎರಡನೆಯ ಮಾತು ಇನ್ನೂ ಗಟ್ಟಿ: "ಇವನ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಕಂತು ಎಂದರೆ ಕಟ್ಟುತ್ತಾನೆ, ಪಿಪಿಎಫ್ ಎಂದರೆ ಬೈಕಿನ ಟೈರಿಗೆ ಹೋಗುತ್ತದೆ." ಸತ್ಯ. ಆದರೆ ಕಂತೂ ನಿಲ್ಲುತ್ತದೆ, ಅದಕ್ಕೆ ಸಾಕ್ಷಿ ಅದೇ ಮನೆಯಲ್ಲಿತ್ತು. ಹುಡುಗನ ಅಮ್ಮನ ಹೆಸರಲ್ಲಿ ಮಾವನೇ 2014ರಲ್ಲಿ ಮಾಡಿಸಿದ ಎರಡು ಲಕ್ಷದ ಪಾಲಿಸಿ, ಇಪ್ಪತ್ತು ವರ್ಷದ್ದು. ಐದು ಕಂತು ಕಟ್ಟಿದರು. 2019ರ ಆಗಸ್ಟ್ ಮಳೆಗೆ ತೋಟದ ಒಂದು ಬದಿ ಜರಿದು, ಕಾಯಿ ಉದುರಿ, ಆ ವರ್ಷ ಕಂತು ನಿಂತಿತು, ಮತ್ತೆ ಕಟ್ಟಲೇ ಇಲ್ಲ. ಈಗ ಅದು ಪೇಯ್ಡ್ ಅಪ್: ಇಪ್ಪತ್ತರಲ್ಲಿ ಐದು ಕಂತು ಕಟ್ಟಿದ್ದಕ್ಕೆ ಎರಡು ಲಕ್ಷದ ಕಾಲು ಭಾಗ, ಅಂದರೆ ₹50,000, ಮತ್ತು ಆವರೆಗೆ ಸೇರಿದ ಬೋನಸ್. ಅದೂ 2034ಕ್ಕೆ. ಟರ್ಮ್ ಕಂತು ನಿಂತರೆ ರಕ್ಷಣೆ ಪೂರ್ತಿ ಹೋಗುತ್ತದೆ ಎಂಬುದೂ ನಿಜ. ಆದರೆ ಕಷ್ಟದ ವರ್ಷದಲ್ಲಿ ₹13,500 ಹೊಂದಿಸುವುದು ₹42,000 ಹೊಂದಿಸುವುದಕ್ಕಿಂತ ಸುಲಭ. ಪಿಪಿಎಫ್‌ಗೆ ಆ ವರ್ಷ ₹500 ಹಾಕಿದರೂ ಖಾತೆ ಜೀವಂತವಾಗಿರುತ್ತದೆ.

ನಡುವೆ ಮಾವ ಒಂದು ರಾಜಿ ಸೂತ್ರ ತಂದರು: ಅರವತ್ತಕ್ಕೆ ಬದುಕಿದ್ದರೆ ಕಟ್ಟಿದ ಕಂತೆಲ್ಲ ವಾಪಸ್ ಕೊಡುವ ಟರ್ಮ್. ಕಂತು ಸರಿಯಾಗಿ ಎರಡು ಪಟ್ಟು, ₹27,000. ಹೆಚ್ಚು ಕಟ್ಟುವ ಭಾಗಕ್ಕೆ 33 ವರ್ಷದಲ್ಲಿ ಬೀಳುವುದು ವರ್ಷಕ್ಕೆ ಶೇಕಡ 4ಕ್ಕೂ ಕಡಿಮೆ. ಅದನ್ನು ಅಲ್ಲಿಗೇ ಬಿಟ್ಟೆವು.

ಕಮಿಷನ್ ವಿಷಯ ನಾನು ಎತ್ತಲಿಲ್ಲ, ಅವರೇ ಎತ್ತಿದರು. ಮೊದಲ ವರ್ಷದ ಕಂತಿನಲ್ಲಿ ಕಾಲು ಭಾಗದಷ್ಟು ತಮಗೆ ಬಂದಿದೆ, ಪಾಲಿಸಿ ವಾಪಸಾದರೆ ಅದನ್ನು ಕಂಪನಿ ಹಿಡಿದುಕೊಳ್ಳುತ್ತದೆ ಎಂದರು. ಅವರ ಮಗಳ ಪಿಯುಸಿ ಶುಲ್ಕ ಆಗಲೇ ಅದರಲ್ಲಿ ಹೋಗಿತ್ತು.

ಯಾವುದು ಮೊದಲು, ಯಾವುದು ಆಮೇಲೆ

"ವಾಪಸ್ ಕೊಡುವ ಹದಿನೈದು ದಿನ ಮುಗಿದು ಹೋಗಿದೆ" ಎಂದು ಮಾವ ನಂಬಿದ್ದರು. ಅದು ಹಳೆಯ ನಿಯಮ. 2024ರಿಂದ ಫ್ರೀ ಲುಕ್ ಅವಧಿ 30 ದಿನ, ಅದೂ ಬಾಂಡ್ ಕೈಗೆ ಬಂದ ದಿನದಿಂದ. ಬಾಂಡಿನ ಮೊದಲ ಪುಟದಲ್ಲಿ ಪಾಲಿಸಿ ಶುರುವಾದ ದಿನ ಡಿಸೆಂಬರ್‌ದಾಗಿತ್ತು. ಅದನ್ನು ಹಿಡಿದು ಎಣಿಸಿದರೆ ಗಡುವು ಮುಗಿದಂತೆಯೇ ಕಾಣುತ್ತಿತ್ತು. ಪುಣ್ಯಕ್ಕೆ ಹುಡುಗ ಸ್ಪೀಡ್ ಪೋಸ್ಟ್ ಲಕೋಟೆ ಎಸೆದಿರಲಿಲ್ಲ, ಮೊಬೈಲಿನಲ್ಲಿ ಬಟವಾಡೆಯ ಸಂದೇಶವೂ ಇತ್ತು: ಜನವರಿ 12. ಫೆಬ್ರುವರಿ 11ರವರೆಗೆ ಸಮಯವಿತ್ತು.

ಆದರೂ ಆ ದಿನವೇ ವಾಪಸ್ ಕೊಡಲು ನಾನು ಒಪ್ಪಲಿಲ್ಲ. ಟರ್ಮ್ ಅರ್ಜಿಯನ್ನು ಕಂಪನಿ ತಿರಸ್ಕರಿಸಿದರೆ? ಅಪ್ಪನ ಸ್ಟೆಂಟ್, ಇವನ ಹೊಗೆಸೊಪ್ಪು, ರಕ್ತಪರೀಕ್ಷೆಯಲ್ಲಿ ಇನ್ನೇನಾದರೂ ಸಿಕ್ಕರೆ? ಆಗ ಹತ್ತು ಲಕ್ಷದ್ದೂ ಇಲ್ಲ, ಎಪ್ಪತ್ತೈದರದ್ದೂ ಇಲ್ಲ. ಮೊದಲು ಹೊಸದು ಕೈಗೆ ಬರಬೇಕು, ಆಮೇಲೆ ಹಳೆಯದು ಬಿಡಬೇಕು. ಫೆಬ್ರುವರಿ 3ಕ್ಕೆ ವೈದ್ಯಕೀಯ ಪರೀಕ್ಷೆಯಾಯಿತು. ನಾಲ್ಕು ದಿನ ಸದ್ದಿಲ್ಲ. 9ರ ಸಂಜೆ ₹13,500ಕ್ಕೇ ಒಪ್ಪಿಗೆ ಬಂತು. 10ರ ಬೆಳಿಗ್ಗೆ ಹುಡುಗ ಅರ್ಧ ದಿನ ರಜೆ ಹಾಕಿ ಎಂಡೋಮೆಂಟ್ ಶಾಖೆಗೆ ಹೋದ: ಕಾರಣ ಬರೆದ ಪತ್ರ, ಮೂಲ ಬಾಂಡ್, ರದ್ದು ಗೀಟು ಹಾಕಿದ ಚೆಕ್ ಹಾಳೆ. ಕೌಂಟರಿನಲ್ಲಿ ಪತ್ರ ತೆಗೆದುಕೊಂಡು "ನೋಡುತ್ತೇವೆ" ಎಂದರು. ನಾನು ಮೊದಲೇ ಹೇಳಿ ಕಳಿಸಿದ್ದೆ, ಎರಡನೆಯ ಪ್ರತಿಯ ಮೇಲೆ ಮೊಹರು ಮತ್ತು ತಾರೀಖು ಬೀಳುವವರೆಗೆ ಅಲ್ಲಿಂದ ಕದಲಬೇಡ ಎಂದು. ಮುಕ್ಕಾಲು ಗಂಟೆ ನಿಂತ, ಮೊಹರು ಬಿತ್ತು. ರಕ್ಷಣೆ ಕೊಟ್ಟ ದಿನಗಳ ಪಾಲು ಮತ್ತು ಮುದ್ರಾಂಕ ಶುಲ್ಕವೆಂದು ಕೆಲವು ನೂರು ರೂಪಾಯಿ ಕಳೆದು ಉಳಿದ ಹಣ ಖಾತೆಗೆ ವಾಪಸ್ ಬಂತು.

ಫ್ರೀ ಲುಕ್ ದಾಟಿದ ಮೇಲೆ ಬಂದಿದ್ದರೆ ನಾನು ಬೇರೆಯೇ ಮಾತು ಹೇಳಬೇಕಿತ್ತು. ಮೊದಲ ವರ್ಷಗಳಲ್ಲಿ ಬಿಟ್ಟರೆ ಕಟ್ಟಿದ್ದರಲ್ಲಿ ಒಳ್ಳೆಯ ಪಾಲು ಕಳೆದುಕೊಳ್ಳಬೇಕಾಗುತ್ತದೆ. ಹತ್ತು ಹನ್ನೆರಡು ವರ್ಷ ಕಟ್ಟಿದವರಿಗೆ ನಾನು ಸಾಮಾನ್ಯವಾಗಿ ಮುಂದುವರಿಸಿ ಎಂದೇ ಹೇಳುತ್ತೇನೆ, ಪಕ್ಕದಲ್ಲಿ ಒಂದು ಟರ್ಮ್ ಸೇರಿಸಿಕೊಳ್ಳಿ ಎಂದು.

ಟರ್ಮ್ ಪಾಲಿಸಿಯನ್ನು ಹುಡುಗ ಕೊಂಡದ್ದು ಮಾವನ ಮೂಲಕವೇ. ಅಂತರ್ಜಾಲದಲ್ಲಿ ತಾನೇ ಕೊಂಡಿದ್ದರೆ ವರ್ಷಕ್ಕೆ ₹1,100 ಕಡಿಮೆಯಾಗುತ್ತಿತ್ತು, ನಾನು ಹಾಗೆಯೇ ಹೇಳಿದ್ದೆ. ಅವನು ಒಪ್ಪಲಿಲ್ಲ. "ನಾನಿಲ್ಲದ ದಿನ ಅಮ್ಮ ವೆಬ್‌ಸೈಟ್ ತೆಗೆಯುತ್ತಾಳೆಯೇ ಸಾರ್? ಮಾವನಾದರೆ ಅಂದೇ ಬರುತ್ತಾರೆ" ಎಂದ. ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ. ಈ ಸಲ ಫಾರಂ ತುಂಬುವಾಗ ಮಾವ ಪ್ರತಿ ಪ್ರಶ್ನೆಯನ್ನೂ ಜೋರಾಗಿ ಓದಿ, ಅವನ ಉತ್ತರ ಕೇಳಿ, ಆಮೇಲೆ ಬರೆದರಂತೆ.

ನಾಮಿನಿ ಅಮ್ಮ. ಮದುವೆಯಾದ ಮೇಲೆ ಹೆಂಡತಿಯ ಹೆಸರನ್ನು ಸೇರಿಸಿ ಇಬ್ಬರಿಗೂ ಪಾಲು ಬರೆಯಬೇಕು ಎಂದು ಬಾಂಡಿನ ಕವರಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಪಿಪಿಎಫ್ ಖಾತೆ ಅಂಚೆ ಕಚೇರಿಯಲ್ಲಿದೆ. ಸಂಬಳ ಒಂದನೆಯ ತಾರೀಖು ಬರುವುದರಿಂದ ತಿಂಗಳಿಗೆ ₹2,375ರಂತೆ ಐದರೊಳಗೆ ಕಟ್ಟುತ್ತೇನೆ ಎಂದಿದ್ದಾನೆ. ಐದು ದಾಟಿದರೆ ಆ ಕಂತಿಗೆ ಆ ತಿಂಗಳ ಬಡ್ಡಿ ಸಿಗುವುದಿಲ್ಲ. ತಿಂಗಳ ಲೆಕ್ಕದಲ್ಲಿ ಕಟ್ಟುವುದರಿಂದ ಮೇಲಿನ ₹19.6 ಲಕ್ಷ ಸ್ವಲ್ಪ ಕಡಿಮೆಯಾಗುತ್ತದೆ ಎಂದೂ ಅವನಿಗೆ ಗೊತ್ತು.

ಕಳೆದ ವಾರ ಅವನ ಅಮ್ಮ ಫೋನ್ ಮಾಡಿದ್ದರು. ಹೊಸ ಬಾಂಡನ್ನು ಟ್ರಂಕಿನಲ್ಲಿ ಇಡಲೋ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಅಟ್ಟದ ಡಬ್ಬಿಯಲ್ಲಿ ಇಡಲೋ ಎಂದು ಕೇಳಿದರು. ಎಲ್ಲಾದರೂ ಇಡಿ, ಪಾಲಿಸಿ ನಂಬರನ್ನು ಮಾತ್ರ ಬೇರೊಂದು ಕಡೆ ಬರೆದಿಡಿ ಎಂದೆ. ಸೊಸೈಟಿ ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಮಗಳ ಕೈಯಲ್ಲಿ ಬರೆಸಿದ್ದಾರೆ. ಅದರ ಕೆಳಗೆ ₹436ರದ್ದು, ಅದರ ಕೆಳಗೆ ಪಿಎಫ್ ನಂಬರು.